ಗಲ್ಲದ ಕುಳಿಗೆ ಸೂಜಿಯೋ, ಬಣ್ಣವೋ?

ಬ್ಯಾಡಗಿಯ ಒಂದು ಬ್ಯೂಟಿ ಪಾರ್ಲರಿನಲ್ಲಿ ನಾವು ಕೂತಿದ್ದಾಗ, ಮದುವೆ ಗೊತ್ತಾದ ಹುಡುಗಿಯೊಬ್ಬಳು ಅವ್ವನ ಜೊತೆ ಬಂದಳು. "ಹುಡುಗಿ ಗಲ್ಲ ಒಳಗ ಹೋಗ್ಯಾವ" ಅಂತ ಗಂಡಿನ ಕಡೆಯವರು ಅಂದಿದ್ದರಂತೆ. ಹುಬ್ಬಳ್ಳಿಯಲ್ಲಿ ಫಿಲ್ಲರ್ ಹಾಕಿಸಲು ಅಪ್ಪ ಮೆಣಸಿನಕಾಯಿ ಮಾರಿದ ದುಡ್ಡು ತೆಗೆದಿಟ್ಟಿದ್ದಾರೆ. ಮದುವೆಗೆ ಉಳಿದಿದ್ದು ಎಂಟೇ ದಿನ.

ಎಂಟು ದಿನ ಇರುವಾಗ ಸೂಜಿ ಬೇಡ ಎನ್ನುವುದು ನಮ್ಮ ಮಾತು. ಫಿಲ್ಲರ್ ಅಂದರೆ ಚರ್ಮದ ಕೆಳಗೆ ಜೆಲ್ ತುಂಬುವುದು. ಹೆಚ್ಚಾಗಿ ಬಳಸುವುದು ಹೈಅಲುರಾನಿಕ್ ಆಸಿಡ್. ಒಂದು ಸಿರಿಂಜಿನಲ್ಲಿ ಇರುವುದು ಸಾಮಾನ್ಯವಾಗಿ 1 ಮಿ.ಲೀ., ಚಹಾ ಚಮಚದ ಐದನೇ ಒಂದು ಪಾಲು ಅಷ್ಟೇ. ಕುಳಿ ಆಳವಿದ್ದರೆ ಅಂಥವು ಎರಡು, ಮೂರು ಬೇಕಾಗುತ್ತವೆ. ಗಲ್ಲ ನಿಜವಾಗಿಯೂ ತುಂಬುತ್ತದೆ, ಯಾವ ಕಡೆಯಿಂದ ನೋಡಿದರೂ ಕಾಣುತ್ತದೆ, ಮುಖ ತೊಳೆದರೂ ಹೋಗುವುದಿಲ್ಲ. ಆದರೆ ಸುಮಾರು ವರ್ಷ, ಒಂದೂವರೆ ವರ್ಷದಲ್ಲಿ ಮೈ ಅದನ್ನು ಕರಗಿಸಿಕೊಳ್ಳುತ್ತದೆ. ಮತ್ತೆ ಬೇಕೆಂದರೆ ಮತ್ತೆ ದುಡ್ಡು. ಬಾವು, ನೀಲಿ ಕಲೆ ಇಳಿಯಲು ವಾರ, ಎರಡು ವಾರ ಹಿಡಿಯಬಹುದು. ಆ ಮುಖದಲ್ಲೇ ಅಕ್ಷತೆ ಹಾಕಿಸಿಕೊಳ್ಳಬೇಕೇ?

ಅಪರೂಪಕ್ಕೆ ಜೆಲ್ ರಕ್ತನಾಳಕ್ಕೆ ಹೊಕ್ಕರೆ ಚರ್ಮ ಬಿಳಿಚಿಕೊಳ್ಳುತ್ತದೆ ಇಲ್ಲವೇ ಬಲೆಯಂತೆ ನೀಲಿಗಟ್ಟುತ್ತದೆ, ನೋವು ಜೋರಾಗುತ್ತದೆ, ಕಣ್ಣೇ ಹೋಗಬಹುದು. ತಡಮಾಡದೆ ಚಿಕಿತ್ಸೆ ಆಗಬೇಕು. ಈ ಜೆಲ್ ಕರಗಿಸುವ ಔಷಧಿ ಹೈಅಲುರಾನಿಡೇಸ್. ಅದು ಕೈಯಳತೆಯಲ್ಲಿ ಇರುವ ಚರ್ಮ ಅಥವಾ ಪ್ಲಾಸ್ಟಿಕ್ ಸರ್ಜರಿ ವೈದ್ಯರ ಬಳಿ ಮಾತ್ರ ಹೋಗಬೇಕು. ಪಾರ್ಲರಿನಲ್ಲಿ ಸೂಜಿ ಚುಚ್ಚಿಸಿಕೊಳ್ಳಲೇಬಾರದು.

ಇನ್ನು ಬಣ್ಣ. (ನಮ್ಮ ಮೆಣಸಿನಕಾಯಿ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ ಅಂತ ಹೇಳಿಕೊಳ್ಳುವ ಊರು ನಮ್ಮದು!) ಪಾರ್ಲರಿನಾಕೆ ಮೊದಲು ಮೊಬೈಲ್ ವಿಡಿಯೋದಲ್ಲಿ ನೋಡಿದಂತೆ ಗಲ್ಲದ ಮೂಳೆಯ ಕೆಳಗೆ ಕಂದು ಕಾಂಟೂರ್ ಎಳೆದಳು. ಹುಡುಗಿ ಜ್ವರದಿಂದ ಎದ್ದವಳಂತೆ ಕಂಡಳು. ಕಾಂಟೂರ್ ಅಂದರೆ ನೆರಳು. ದುಂಡು ಮುಖದಲ್ಲಿ ಕುಳಿ ತೋರಿಸಲು ಅದನ್ನು ಹಚ್ಚುತ್ತಾರೆ. ಇದ್ದ ಕುಳಿಗೇ ಹಚ್ಚಿದರೆ ಇನ್ನಷ್ಟು ಆಳವಾಗಿ ಕಾಣುತ್ತದೆ.

ಅದನ್ನು ಒರೆಸಿ, ಕುಳಿಯೊಳಗೆ ಮೈಬಣ್ಣಕ್ಕಿಂತ ತುಸು ತಿಳಿಯಾದ, ಹೊಳಪಿಲ್ಲದ ಕನ್ಸೀಲರ್ ತಟ್ಟಿದಳು. ಬ್ಲಶ್ ಅನ್ನು ಕುಳಿಗೆ ಇಳಿಸದೆ, ನಕ್ಕಾಗ ಉಬ್ಬುವ ಜಾಗದಿಂದ ಕಿವಿಯ ಮೇಲ್ಭಾಗದ ಕಡೆಗೆ ಸವರಿದಳು. ಕಾಂಟೂರ್ ಹಣೆಯ ಅಂಚಿಗೆ ಮಾತ್ರ, ಅದೂ ತೆಳುವಾಗಿ. ಎದುರಿನ ಫೋಟೋದಲ್ಲಿ ಗಲ್ಲ ತುಂಬಿದಂತೆ ಬಂತು. ಪಕ್ಕಕ್ಕೆ ತಿರುಗಿ ಟ್ಯೂಬ್‌ಲೈಟ್ ಕೆಳಗೆ ನಿಂತಾಗ ಕುಳಿ ಹಾಗೇ ಇತ್ತು. ಬಣ್ಣಕ್ಕೆ ಅಷ್ಟೇ ಸಾಧ್ಯ. ಪೌಡರ್ ಹಾಕಿ ಕೂರಿಸಿದರೆ ಐದಾರು ತಾಸು, ಮಂಟಪದ ಸೆಕೆಯಲ್ಲಿ ಅದಕ್ಕೂ ಕಡಿಮೆ.

ಇತ್ತೀಚೆಗೆ ತೂಕ ಇಳಿದು ಗಲ್ಲ ಬತ್ತಿದ್ದರೆ, ಎರಡು ವಾರ ದಾಟಿದ ಕೆಮ್ಮಿದ್ದರೆ ಎರಡೂ ಬೇಡ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಈ ಹುಡುಗಿ ಚಿಕ್ಕಂದಿನಿಂದಲೂ ಹೀಗೇ ಅಂತ ಅವ್ವ ಹೇಳಿದರು.

"ಮುಖ ತೊಳಕೊಂಡ ಮ್ಯಾಲ ಅವರು ಏನಂತಾರ?" ಅಂತ ಹುಡುಗಿ ಕೇಳಿದಳು. ಹೆಣ್ಣು ನೋಡಲು ಬಂದಾಗ ಅವರು ಕಂಡಿದ್ದೂ ಇದೇ ಗಲ್ಲವನ್ನೇ ಅಲ್ಲವೇ ಎಂದೆವು. ಅವ್ವ ದುಡ್ಡಿನ ಚೀಲವನ್ನು ಸೆರಗಿನೊಳಗೆ ಸೇರಿಸಿ, ಮದುವೆ ದಿನ ಬೆಳಿಗ್ಗೆ ಆರಕ್ಕೇ ಬಾ ಅಂತ ಪಾರ್ಲರಿನಾಕೆಗೆ ಹೇಳಿದರು.