ಮಣಿಕಟ್ಟಿಗಿಂತ ಮೊದಲು ಮುಂಗೈ

‘ಮಣಿಕಟ್ಟು ತಿರುಗಿಸು, ಚೆಂಡು ತಾನೇ ತಿರುಗುತ್ತೆ’ ಎಂದು ಸಿರುಗುಪ್ಪದ ಮೈದಾನದಲ್ಲಿ ಸೀನಿಯರ್‌ಗಳು ಹೇಳುತ್ತಿದ್ದರು. ಆಫ್ ಸ್ಪಿನ್ ಕಲಿಯುವವರಿಗೆ ಇದು ಅರ್ಧ ಸಲಹೆ ಎಂದೇ ನನ್ನ ಅಭಿಪ್ರಾಯ. ಕುರುಗೋಡಿನ ಪಂದ್ಯವೊಂದರಲ್ಲಿ ಎರಡು ಓವರ್‌ಗೆ 31 ರನ್ ಕೊಟ್ಟೆ. ಒಂದು ಎಸೆತವೂ ತಿರುಗಲಿಲ್ಲ.

ಬಳ್ಳಾರಿಯ ಹಾಸ್ಟೆಲಿಗೆ ಮರಳಿ, ಹಳೇ ಚೆಂಡಿಗೆ ಹೊಲಿಗೆಯವರೆಗೆ ಅರ್ಧ ಭಾಗ ಬಿಳಿ ಬಣ್ಣ ಬಳಿದೆ. ಗೆಳೆಯ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಿದ. ಚೆಂಡು ಗಾಳಿಯಲ್ಲಿರುವಾಗ ಬಣ್ಣದ ಗೆರೆ ಓಲಾಡುತ್ತಿತ್ತು. ಬೆರಳು ಹೊಲಿಗೆಯನ್ನು ಎಳೆಯದೆ ಪಕ್ಕಕ್ಕೆ ಜಾರುತ್ತಿತ್ತು.

ಬಲಗೈ ಆಫ್ ಸ್ಪಿನ್‌ಗೆ ತೋರುಬೆರಳು, ನಡುಬೆರಳು ಹೊಲಿಗೆಗೆ ಅಡ್ಡಲಾಗಿ ಅಗಲಿಸಿ ಕೂರಬೇಕು. ಚೆಂಡು ಬಿಡುವಾಗ ಬಾಗಿಲ ಗುಂಡುಹಿಡಿಯನ್ನು ಬಲಕ್ಕೆ ತಿರುಗಿಸಿದಂತೆ ಮುಂಗೈ ತಿರುಗುತ್ತದೆ. ಆ ತಿರುವಿನ ಕೊನೆಯಲ್ಲಿ ತೋರುಬೆರಳು ಹೊಲಿಗೆಯನ್ನು ಎಳೆದು ಬಿಡುತ್ತದೆ. ನನ್ನ ಮುಂಗೈ ಮೊದಲೇ ತಿರುಗಿ ಮುಗಿಯುತ್ತಿತ್ತು, ಬೆರಳಿಗೆ ಕೆಲಸವೇ ಉಳಿಯುತ್ತಿರಲಿಲ್ಲ. ಹಾಗೆಂದು ಮೊಣಕೈಯನ್ನು ಝಾಡಿಸಿ ಸ್ಪಿನ್ ತರುವ ಹಾಗಿಲ್ಲ. ಎಸೆತದಲ್ಲಿ ಅದು 15 ಡಿಗ್ರಿಗಿಂತ ಹೆಚ್ಚು ನೇರವಾದರೆ ನಿಯಮಬಾಹಿರ.

ನಮ್ಮ ಎರಪಳ್ಳಿ ಪ್ರಸನ್ನ 1962ರಲ್ಲಿ ಟೆಸ್ಟ್ ಆಡಿ, ಎಂಜಿನಿಯರಿಂಗ್ ಓದಲು ಹೊರನಡೆದು, 1967ರಲ್ಲಿ ಮತ್ತೆ ತಂಡ ಸೇರಿದವರು. ಓದುವ ನಡುವೆಯೂ ಬೆರಳು ಮರೆಯಲಿಲ್ಲವೆಂದಾಯಿತು!

ಈಗ ನನ್ನ ಗೆರೆ ನೆಟ್ಟಗೆ ನಿಲ್ಲುತ್ತಿದೆ. ತೋರುಬೆರಳಿನ ಪಕ್ಕದ ಚರ್ಮ ಮಾತ್ರ ಸುಲಿದಿದೆ, ಲ್ಯಾಬ್ ರೆಕಾರ್ಡ್ ಬರೆಯುವುದೇ ಕಷ್ಟ.