ಹದಿನೆಂಟರ ಮತ ಎಲ್ಲಿ ಸೋರಿಹೋಗುತ್ತದೆ?

ಯುವಕರು ಮತ ಹಾಕುವುದಿಲ್ಲ, ಅವರಿಗೆ ಮೊಬೈಲ್ ಬಿಟ್ಟರೆ ಬೇರೆ ಪ್ರಪಂಚವೇ ಇಲ್ಲ ಎಂಬ ಮಾತನ್ನು ಪ್ರತಿ ಚುನಾವಣೆಯ ಹೊತ್ತಿಗೂ ಕೇಳುತ್ತೇನೆ. ನಮ್ಮ ಸ್ಟಾಫ್ ರೂಮಿನಲ್ಲೂ ಕೇಳಿದ್ದೇನೆ. ಈ ಮಾತಿನ ಮೊದಲರ್ಧ ಬಹಳಷ್ಟು ದೇಶಗಳಲ್ಲಿ ನಿಜ. ಅಮೆರಿಕದ ಜನಗಣತಿ ಇಲಾಖೆಯ ಸಮೀಕ್ಷೆಯ ಪ್ರಕಾರ 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ 18ರಿಂದ 24 ವರ್ಷದವರಲ್ಲಿ ನೂರಕ್ಕೆ ಸುಮಾರು 51 ಮಂದಿ ಮತ ಹಾಕಿದರೆ, 65ರಿಂದ 74 ವರ್ಷದವರಲ್ಲಿ 76 ಮಂದಿ ಹಾಕಿದ್ದರು. ಆದರೆ ಎರಡನೆಯ ಅರ್ಧ, ಅಂದರೆ ಕಾರಣ ನಿರಾಸಕ್ತಿ ಎನ್ನುವುದು, ನನಗೆ ಒಪ್ಪಿಗೆಯಿಲ್ಲ. ರಾಜ್ಯಶಾಸ್ತ್ರ ಕಲಿಸುವವನಾಗಿ ನಾನು ಓದಿದ ಅಧ್ಯಯನಗಳು ಬೇರೆಯೇ ಒಂದು ಕಡೆಗೆ ಬೆರಳು ತೋರಿಸುತ್ತವೆ: ವಿಳಾಸದ ಕಡೆಗೆ.

ಡೆನ್ಮಾರ್ಕಿನಿಂದ ಶುರು ಮಾಡೋಣ. ಅಲ್ಲಿ ಯಾರೂ ಅರ್ಜಿ ಹಾಕಿ ಮತದಾರರ ಪಟ್ಟಿಗೆ ಸೇರಬೇಕಿಲ್ಲ. ವಯಸ್ಸು ತುಂಬಿದ ನಾಗರಿಕರ ಹೆಸರು ಸರ್ಕಾರದ ಜನಸಂಖ್ಯಾ ದಾಖಲೆಯಿಂದ ತಾನಾಗಿಯೇ ಪಟ್ಟಿಗೆ ಬರುತ್ತದೆ. ಮತ ಹಾಕಿದವರು ಯಾರು, ಅವರ ವಯಸ್ಸೆಷ್ಟು, ಯಾರ ಜೊತೆ ವಾಸಿಸುತ್ತಾರೆ ಎಂಬುದನ್ನು ಸಂಶೋಧಕರು ದಾಖಲೆಗಳಿಂದಲೇ ನೋಡಬಹುದು. "ನೀವು ಮತ ಹಾಕಿದಿರಾ" ಎಂದು ಕೇಳಿದರೆ ಹಾಕದವರೂ ಹೌದೆನ್ನುವುದುಂಟು. ಡೆನ್ಮಾರ್ಕಿನ ದಾಖಲೆಗೆ ಆ ತೊಂದರೆ ಇಲ್ಲ. ಯೋಸೆಫ್ ಭಟ್ಟಿ ಮತ್ತು ಕಾಸ್ಪರ್ ಹ್ಯಾನ್ಸನ್ ಎಂಬ ಸಂಶೋಧಕರು ಈ ದಾಖಲೆಗಳನ್ನು ಹಿಡಿದು ನೋಡಿದಾಗ ಕಂಡದ್ದು ಹೀಗಿತ್ತು. ಆಗಷ್ಟೇ 18 ತುಂಬಿದವರು ಚೆನ್ನಾಗಿಯೇ ಮತ ಹಾಕುತ್ತಾರೆ. 19, 20, 21ಕ್ಕೆ ಬರುವಾಗ ಪ್ರಮಾಣ ಕುಸಿಯುತ್ತದೆ. ಆಮೇಲೆ ನಿಧಾನವಾಗಿ ಏರುತ್ತಾ ಹೋಗಿ, ತೀರಾ ವಯಸ್ಸಾದ ಮೇಲೆ ಮತ್ತೆ ಇಳಿಯುತ್ತದೆ.

18ರ ಹುಡುಗನಿಗಿಂತ 20ರವನಿಗೆ ಲೋಕಜ್ಞಾನ ಹೆಚ್ಚೇ ಇರಬೇಕಲ್ಲವೇ? ಹಾಗಿದ್ದೂ ಯಾಕೆ ಕುಸಿತ? ಉತ್ತರ ಮನೆಯಲ್ಲಿದೆ. 18ರವರಲ್ಲಿ ಹೆಚ್ಚಿನವರು ಇನ್ನೂ ತಂದೆ ತಾಯಿಯ ಜೊತೆಗಿರುತ್ತಾರೆ. ಮತದಾನದ ದಿನ ಮನೆಯವರೆಲ್ಲ ಹೊರಟಾಗ ಇವರೂ ಹೊರಡುತ್ತಾರೆ. ಓದಿಗೋ ಕೆಲಸಕ್ಕೋ ಮನೆ ಬಿಟ್ಟ ಮೇಲೆ ತಂದೆ ತಾಯಿಯ ಪ್ರಭಾವ ಕಡಿಮೆಯಾಗಿ, ಜೊತೆಗಿರುವವರ ಪ್ರಭಾವ ಹೆಚ್ಚುತ್ತದೆ. ಜೊತೆಗಿರುವವರೂ ಅದೇ ವಯಸ್ಸಿನವರು, ಅವರೂ ಮತ ಹಾಕಲು ಎದ್ದು ಹೊರಡುವುದಿಲ್ಲ. ಆಸ್ಟ್ರಿಯಾ 2007ರಲ್ಲಿ ಮತದಾನದ ವಯಸ್ಸನ್ನು 16ಕ್ಕೆ ಇಳಿಸಿದ ಮೇಲೆ ಕಂಡದ್ದೂ ಇದಕ್ಕೆ ಹೊಂದುತ್ತದೆ. ವಿಯೆನ್ನಾದ 2010ರ ಚುನಾವಣೆಯಲ್ಲಿ 16-17 ವರ್ಷದವರಲ್ಲಿ ಸುಮಾರು ಶೇ. 64 ಮಂದಿ ಮತ ಹಾಕಿದರು, 18ರಿಂದ 20 ವರ್ಷದವರಲ್ಲಿ ಶೇ. 56. ಚಿಕ್ಕವರು ದೊಡ್ಡವರಿಗಿಂತ ಮುಂದೆ! ಮನೆ, ಶಾಲೆ, ಊರು ಇನ್ನೂ ಕೈಬಿಡದ ವಯಸ್ಸು ಅದು.

ಡೆನ್ಮಾರ್ಕಿನಲ್ಲಿ ಪಟ್ಟಿಯ ತೊಡಕು ಇಲ್ಲದಿದ್ದರೂ ಇಷ್ಟು ಕುಸಿತವಾದರೆ, ಅರ್ಜಿ ಹಾಕಿಯೇ ಪಟ್ಟಿ ಸೇರಬೇಕಾದ ದೇಶದಲ್ಲಿ ಏನಾಗಬೇಡ? ನಮ್ಮದು ಅಂಥ ದೇಶ. 2024ರ ಲೋಕಸಭಾ ಚುನಾವಣೆಗೆ ಮುನ್ನ ದೇಶದಲ್ಲಿ 18-19 ವರ್ಷದವರ ಅಂದಾಜು ಸಂಖ್ಯೆ 4.9 ಕೋಟಿ. ಪಟ್ಟಿಯಲ್ಲಿ ಹೆಸರಿದ್ದವರು ಸುಮಾರು 1.8 ಕೋಟಿ, ಅಂದರೆ ನೂರಕ್ಕೆ 38ರಷ್ಟು. ತೆಲಂಗಾಣದಲ್ಲಿ ಮೂರರಲ್ಲಿ ಎರಡು ಪಾಲು ಸೇರಿದ್ದರೆ ಬಿಹಾರದಲ್ಲಿ ಶೇ. 17 ಮಾತ್ರ. ಬಿಹಾರದ ಹುಡುಗರಿಗೆ ರಾಜಕೀಯದಲ್ಲಿ ಆಸಕ್ತಿ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ನಗುತ್ತೇನೆ. ಅಲ್ಲಿಂದ ಎಷ್ಟೊಂದು ಹುಡುಗರು ಕೆಲಸಕ್ಕಾಗಿ ಬೇರೆ ರಾಜ್ಯಗಳಿಗೆ ಹೋಗುತ್ತಾರೆಂದು ನಮ್ಮೂರಿನ ಕಟ್ಟಡದ ಕೆಲಸಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಲೆಕ್ಕದ ಮೋಸವಿದೆ, ಅದನ್ನು ಗಮನಿಸಬೇಕು. ನಮ್ಮಲ್ಲಿ ಶೇಕಡಾವಾರು ಮತದಾನವನ್ನು ಲೆಕ್ಕ ಹಾಕುವುದು ಪಟ್ಟಿಯಲ್ಲಿರುವವರ ಮೇಲೆ. 2024ರಲ್ಲಿ ದೇಶದ ಮತದಾನ ಸುಮಾರು ಶೇ. 66. ಮತಗಟ್ಟೆಯಲ್ಲಿ ನೀವು ಸಹಿ ಹಾಕುವ ರಿಜಿಸ್ಟರಿನಲ್ಲಿ ವಯಸ್ಸಿನ ಕಾಲಂ ಇಲ್ಲ, ಹಾಗಾಗಿ ವಯಸ್ಸುವಾರು ಅಂಕಿ ಬೇಕಾದರೆ ಸಮೀಕ್ಷೆಗಳನ್ನೇ ನಂಬಬೇಕು. ಆ ಸಮೀಕ್ಷೆಗಳ ಪ್ರಕಾರ ನಮ್ಮ ಯುವ ಮತದಾರರು ಸರಾಸರಿಗಿಂತ ಬಹಳ ಹಿಂದೆ ಇಲ್ಲ. ಇದನ್ನು ಓದಿ ಸಮಾಧಾನಪಡುವವರಿದ್ದಾರೆ. ಆದರೆ ನಿಮ್ಮ ವಯಸ್ಸಿನ ನೂರು ಮಂದಿಯನ್ನು ತೆಗೆದುಕೊಳ್ಳಿ. ಪಟ್ಟಿಯಲ್ಲಿರುವವರು 38. ಅವರು ಉಳಿದವರಷ್ಟೇ ಉತ್ಸಾಹದಿಂದ, ಶೇ. 66ರಂತೆ ಮತ ಹಾಕಿದರೂ ಯಂತ್ರದ ಗುಂಡಿ ಒತ್ತಿದವರು 25 ಮಂದಿ. ಉಳಿದ 75ರಲ್ಲಿ 62 ಮಂದಿ ಮತಗಟ್ಟೆಗೆ ಬಂದಿದ್ದರೂ ಮತ ಹಾಕಲು ಆಗುತ್ತಿರಲಿಲ್ಲ. ಸೋರಿಕೆ ಇರುವುದು ಮತದಾನದ ದಿನದಲ್ಲಲ್ಲ, ಅದಕ್ಕಿಂತ ತಿಂಗಳುಗಳ ಹಿಂದೆ.

ಇದರಲ್ಲಿ ಸ್ವಲ್ಪ ಭಾಗ ಕಾನೂನಿನದೇ ತಪ್ಪಾಗಿತ್ತು. 2022ರವರೆಗೆ ವಯಸ್ಸಿನ ಲೆಕ್ಕಕ್ಕೆ ವರ್ಷಕ್ಕೆ ಒಂದೇ ದಿನ, ಜನವರಿ 1. 2018ರ ಜನವರಿ 2ರಂದು 18 ತುಂಬಿದ ಹುಡುಗಿಯನ್ನು ಊಹಿಸಿಕೊಳ್ಳಿ. ಆ ವರ್ಷ ಮೇ 12ರಂದು ನಮ್ಮ ವಿಧಾನಸಭೆಗೆ ಚುನಾವಣೆ ನಡೆಯಿತು. ಒಂದು ದಿನದ ಅಂತರದಿಂದ ಅವಳಿಗೆ ಮತವಿಲ್ಲ. ಮುಂದಿನ ವಿಧಾನಸಭಾ ಚುನಾವಣೆ 2023ರ ಮೇ 10ರಂದು, ಆಗ ಅವಳಿಗೆ 23. ನಡುವೆ ಪದವಿ ಮುಗಿದು, ಊರು ಬದಲಾಗಿ, ಬಹುಶಃ ಮದುವೆಯೂ ಆಗಿರುತ್ತದೆ. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಒಂದನೇ ತಾರೀಕು, ಹೀಗೆ ನಾಲ್ಕು ದಿನಗಳಿವೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಅಂದರೆ ದ್ವಿತೀಯ ಪಿಯುಸಿಯ ತರಗತಿಯಲ್ಲಿ ಕುಳಿತ ಹೆಚ್ಚುಕಡಿಮೆ ಎಲ್ಲರೂ, ಮನೆ ಬಿಡುವ ಮೊದಲೇ, ನಮೂನೆ-6 ತುಂಬಬಹುದು.

ಮನೆ ಬಿಟ್ಟ ಮೇಲೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಕೊಡುತ್ತೇನೆ. 2024ರಲ್ಲಿ ಬೆಂಗಳೂರಿನಲ್ಲಿ ಮತದಾನ ನಡೆದದ್ದು ಏಪ್ರಿಲ್ 26ರಂದು, ಕಲಬುರಗಿಯಲ್ಲಿ ಮೇ 7ರಂದು. ಬೆಂಗಳೂರಿನ ಪಿ.ಜಿ.ಯಲ್ಲಿದ್ದು ಓದುವ ಕಲಬುರಗಿಯ ಹುಡುಗನ ಹೆಸರು ಊರಿನ ಪಟ್ಟಿಯಲ್ಲಿದೆ. ಬೆಂಗಳೂರು ಮತ ಹಾಕಿ ರಜೆ ಅನುಭವಿಸುವ ದಿನ ಅವನಿಗೆ ಮತವಿಲ್ಲ. ಅವನ ಊರು ಮತ ಹಾಕುವ ದಿನ ಬೆಂಗಳೂರಿನಲ್ಲಿ ಮಾಮೂಲಿ ಮಂಗಳವಾರ. ಹೋಗಲೊಂದು ರಾತ್ರಿ, ಬರಲೊಂದು ರಾತ್ರಿ, ಎರಡು ಟಿಕೆಟ್, ತಪ್ಪಿದ ಕ್ಲಾಸು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ್ದು ನೆನಪಿದೆ: "ಸರ್, ನಂಗೆ ಯಾರಿಗೆ ವೋಟ್ ಹಾಕ್ಬೇಕು ಅಂತ ಗೊತ್ತಿತ್ತು. ಎಲ್ಲಿ ಹಾಕ್ಬೇಕು ಅನ್ನೋದೇ ಸಮಸ್ಯೆ." ಇವನನ್ನು ನಿರಾಸಕ್ತ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅವನಿಗೊಂದು ದಾರಿಯಿತ್ತು. ಹಾಸ್ಟೆಲಿನಲ್ಲೋ ಪಿ.ಜಿ.ಯಲ್ಲೋ ಇದ್ದು ಓದುವ ವಿದ್ಯಾರ್ಥಿ ಹೆಸರನ್ನು ಊರಿನಲ್ಲೇ ಇಟ್ಟುಕೊಳ್ಳಬಹುದು, ಇಲ್ಲವೇ ಓದುವ ಜಾಗಕ್ಕೆ ಬದಲಾಯಿಸಿಕೊಳ್ಳಬಹುದು. ಬದಲಾವಣೆಗೆ ನಮೂನೆ-8. ಹಾಸ್ಟೆಲ್ ಆದರೆ ಕಾಲೇಜಿನ ಮುಖ್ಯಸ್ಥರಿಂದ ಪ್ರಮಾಣಪತ್ರ ಬೇಕಾಗುತ್ತದೆ. ಪಿ.ಜಿ. ಮಾಲೀಕರು ಬಾಡಿಗೆ ಪತ್ರ ಕೊಡಲು ಹಿಂಜರಿಯುವುದುಂಟು. ವಿಳಾಸದ ದಾಖಲೆ ಯಾವುದೂ ಇಲ್ಲದಿದ್ದರೆ ಬಿ.ಎಲ್.ಓ. ಸ್ಥಳಕ್ಕೆ ಬಂದು ಪರಿಶೀಲಿಸಬೇಕೆಂಬ ನಿಯಮವಿದೆ. ಎರಡೂ ಕಡೆ ಹೆಸರು ಇಟ್ಟುಕೊಳ್ಳುವುದು ಮಾತ್ರ ಕಾನೂನಿಗೆ ವಿರುದ್ಧ. ನೆನಪಿಡಬೇಕಾದ ಇನ್ನೊಂದು ವಿಷಯ, ಕೈಯಲ್ಲಿ ಎಪಿಕ್ ಕಾರ್ಡ್ ಇದ್ದರೆ ಸಾಲದು. ಪಟ್ಟಿಯಲ್ಲಿ ಹೆಸರಿರಬೇಕು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಹೆಸರು ಸೇರಿಸುವಂತಿಲ್ಲ. ಪ್ರಚಾರದ ಕಾವು ಏರಿ ನಿಮ್ಮ ಗೆಳೆಯರಿಗೆ ಆಸಕ್ತಿ ಹುಟ್ಟುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ.

ಇದರಿಂದ ಯಾರಿಗೆ ಏನು ನಷ್ಟ ಎಂದು ಕೇಳಬಹುದು. ಎಲ್ಲ ವಯಸ್ಸಿನವರೂ ಒಂದೇ ರೀತಿ ಯೋಚಿಸುವುದಾದರೆ ನಷ್ಟವೇನಿಲ್ಲ. ಹಾಗಿಲ್ಲ ಎಂಬುದಕ್ಕೆ ಬ್ರಿಟನ್ ಸಾಕ್ಷಿ. 2016ರಲ್ಲಿ ಯುರೋಪಿಯನ್ ಒಕ್ಕೂಟ ಬಿಡಬೇಕೇ ಬೇಡವೇ ಎಂಬ ಜನಮತಗಣನೆಯಲ್ಲಿ 18-24ರವರಲ್ಲಿ ಶೇ. 70ಕ್ಕೂ ಹೆಚ್ಚು ಮಂದಿ ಉಳಿಯಬೇಕೆಂದರು. 65 ದಾಟಿದವರಲ್ಲಿ ಶೇ. 60ರಷ್ಟು ಬಿಡಬೇಕೆಂದರು. ಬಿಡಬೇಕೆಂಬ ಪಕ್ಷ 52ಕ್ಕೆ 48ರಲ್ಲಿ ಗೆದ್ದಿತು. ಯಾರು ಸರಿ ಎಂಬುದು ಇಲ್ಲಿ ನನ್ನ ಪ್ರಶ್ನೆಯಲ್ಲ. ನಿರ್ಧಾರದ ಜೊತೆ ಹೆಚ್ಚು ವರ್ಷ ಬದುಕಬೇಕಾದವರು ಮತಪೆಟ್ಟಿಗೆಯ ಬಳಿ ಕಡಿಮೆ ಇದ್ದರು ಎಂಬುದಷ್ಟೇ ನನ್ನ ಮಾತು. ಇದೇ ಬ್ರಿಟನ್ನಿನಲ್ಲಿ 2014ರವರೆಗೆ ವಿಶ್ವವಿದ್ಯಾಲಯಗಳು ತಮ್ಮ ಹಾಸ್ಟೆಲಿನ ವಿದ್ಯಾರ್ಥಿಗಳ ಹೆಸರನ್ನು ಒಟ್ಟಾಗಿ ಪಟ್ಟಿಗೆ ಸೇರಿಸಬಹುದಿತ್ತು. ಪ್ರತಿಯೊಬ್ಬರೂ ತಾವೇ ಅರ್ಜಿ ಹಾಕಬೇಕೆಂದು ನಿಯಮ ಬದಲಾದಾಗ ವಿದ್ಯಾರ್ಥಿಗಳು ಹೆಚ್ಚಿರುವ ಪ್ರದೇಶಗಳ ಪಟ್ಟಿಯೇ ಸೊರಗಿತು. ವಿದ್ಯಾರ್ಥಿಗಳ ಆಸಕ್ತಿ ರಾತ್ರೋರಾತ್ರಿ ಸತ್ತಿರಲಿಲ್ಲ, ಬದಲಾದದ್ದು ಒಂದು ಫಾರಂ. ಶೆಫೀಲ್ಡ್ ವಿಶ್ವವಿದ್ಯಾಲಯ ಇದಕ್ಕೆ ಸರಳ ಉಪಾಯ ಕಂಡುಕೊಂಡಿತು. ವರ್ಷಾರಂಭದ ದಾಖಲಾತಿ ಅರ್ಜಿಯೊಳಗೇ ಮತದಾರರ ನೋಂದಣಿಯ ಪ್ರಶ್ನೆಯನ್ನೂ ಸೇರಿಸಿತು, ಹೆಸರು ಸೇರಿಸಿದವರ ಸಂಖ್ಯೆ ಚೆನ್ನಾಗಿಯೇ ಏರಿತು.

ನಮ್ಮ ಕಾಲೇಜಿನಲ್ಲಿ ಪ್ರತಿ ಜನವರಿ 25ರಂದು ರಾಷ್ಟ್ರೀಯ ಮತದಾರರ ದಿನ ಮಾಡುತ್ತೇವೆ. ಪ್ರತಿಜ್ಞೆ, ಪ್ರಬಂಧ ಸ್ಪರ್ಧೆ, ಒಂದು ಭಾಷಣ. ಭಾಷಣಕಾರರು ಯುವಶಕ್ತಿಯ ಬಗ್ಗೆ ಮಾತನಾಡುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟಿ ಕ್ಯಾಂಟೀನಿಗೆ ಹೋಗುತ್ತಾರೆ. ಪಟ್ಟಿಗೆ ಒಂದು ಹೆಸರೂ ಸೇರುವುದಿಲ್ಲ. ನನ್ನ ಸಲಹೆ ಎರಡು. ಆ ದಿನ ಭಾಷಣದ ಬದಲು ಬಿ.ಎಲ್.ಓ. ಅವರನ್ನು ಕರೆಸಿ, 17 ತುಂಬಿದವರೆಲ್ಲ ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಒಂದು ಫೋಟೊ ತಂದು ಅಲ್ಲಿಯೇ ಅರ್ಜಿ ತುಂಬಲಿ. ಎರಡನೆಯದು, ಫಲಿತಾಂಶದ ನಂತರ ಟಿ.ಸಿ. ಕೊಡುವ ಕೌಂಟರಿನಲ್ಲಿ ಗುಮಾಸ್ತರು ಒಂದೇ ಪ್ರಶ್ನೆ ಕೇಳಲಿ: "ಮುಂದಿನ ಓದು ಎಲ್ಲಿ?" ಬೇರೆ ಊರು ಎಂದರೆ ಟಿ.ಸಿ. ಜೊತೆ ನಮೂನೆ-8ರ ಒಂದು ಪ್ರತಿ ಕೊಟ್ಟು ಕಳಿಸಲಿ. ಖರ್ಚು ಒಂದು ಜೆರಾಕ್ಸಿನದು.

ಕೆಲವು ಪೋಷಕರು, ವಿಶೇಷವಾಗಿ ಹೆಣ್ಣುಮಕ್ಕಳ ಪೋಷಕರು, ಹೇಗೂ ಮದುವೆಯಾಗಿ ಬೇರೆ ಊರಿಗೆ ಹೋಗುವವಳು, ಅಲ್ಲಿಯೇ ಸೇರಿಸಿದರಾಯಿತು ಎನ್ನುತ್ತಾರೆ. ಈ ಲೆಕ್ಕ ಸರಿಯಿಲ್ಲ. ಒಮ್ಮೆ ಪಟ್ಟಿಗೆ ಸೇರಿದರೆ ಮುಂದಿನದು ವಿಳಾಸ ಬದಲಾವಣೆ ಮಾತ್ರ. ಸೇರದೇ ಹೋದರೆ ನಡುವಿನ ಚುನಾವಣೆಗಳೆಲ್ಲ ಹೋದಂತೆಯೇ. ಅಲ್ಲದೆ ಮೊದಲ ಮತಕ್ಕೆ ಬೇರೆಯದೇ ತೂಕವಿದೆ. ಅಮೆರಿಕದ ನ್ಯೂ ಹೇವನ್ ನಗರದಲ್ಲಿ 1998ರ ಚುನಾವಣೆಗೆ ಮುನ್ನ ಸಂಶೋಧಕರು ಚೀಟಿ ಎತ್ತಿದಂತೆ ಕೆಲವರನ್ನು ಆರಿಸಿ ಮತ ಹಾಕಲು ಒತ್ತಾಯಿಸಿದರು. ಮರುವರ್ಷದ ಸ್ಥಳೀಯ ಚುನಾವಣೆಗೆ ಅವರನ್ನು ಯಾರೂ ಕರೆಯಲಿಲ್ಲ, ಆದರೂ ಆ ಗುಂಪಿನವರು ಉಳಿದವರಿಗಿಂತ ಹೆಚ್ಚಾಗಿ ಮತ ಹಾಕಿದ್ದರು. ಒಮ್ಮೆ ಹಾಕಿದವರು ಮತ್ತೆ ಹಾಕುತ್ತಾರೆ.

ದ್ವಿತೀಯ ಪಿಯುಸಿಯವರಲ್ಲಿ ಯಾರಿಗೆ 17 ತುಂಬಿದೆಯೋ ಅವರು ಸ್ಟಾಫ್ ರೂಮಿಗೆ ಬಂದು ನನ್ನನ್ನು ಕಾಣಬಹುದು. ನಮೂನೆ-6ರ ಪ್ರತಿಗಳನ್ನು ತರಿಸಿಟ್ಟಿದ್ದೇನೆ. ಆನ್‌ಲೈನ್ ಇಷ್ಟಪಡುವವರಿಗೆ voters.eci.gov.in ಇದೆ, ಸಂದೇಹವಿದ್ದರೆ 1950ಕ್ಕೆ ಕರೆ ಮಾಡಬಹುದು. ಬರುವಾಗ ಆಧಾರ್ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಜನ್ಮದಿನಾಂಕ, ಹೆಸರಿನ ಅಕ್ಷರ ಎರಡೂ ಒಂದೇ ಇವೆಯೇ ಎಂದು ನೋಡಿಕೊಂಡು ಬನ್ನಿ. ವ್ಯತ್ಯಾಸವಿದ್ದರೆ ಅದನ್ನು ಈಗಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.