ಕನ್ನಡದಲ್ಲಿ ಬಂದದ್ದೆಲ್ಲ ನಮ್ಮವರದ್ದಲ್ಲ: 499 ರೂಪಾಯಿಯ ‘ಗಡಿನಾಡ ಇಂಟರ್ನ್‌ಶಿಪ್’

“ಗಡಿನಾಡ ಕನ್ನಡಿಗರಿಗೆ ಮಾತ್ರ! ಬೆಂಗಳೂರಿನ ಕಂಪನಿಯಲ್ಲಿ ಇಂಟರ್ನ್‌ಶಿಪ್. ಮನೆಯಿಂದಲೇ ಕೆಲಸ, ತಿಂಗಳಿಗೆ 15,000. ಇರೋದು 20 ಸೀಟು. ನೋಂದಣಿ ಶುಲ್ಕ 499.”

ಇಂಥ ಮೆಸೇಜು ಬಂದರೆ ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಏನಾಗುತ್ತೆ ಅಂತ ನಿಮಗೂ ಗೊತ್ತು. “ನಮ್ಮ ಹುಡುಗರಿಗೆ ಉಪಯೋಗ ಆಗಲಿ” ಅಂತ ಯಾರೋ ಒಬ್ಬರು ಹಾಕ್ತಾರೆ, ಸಂಜೆಯೊಳಗೆ ಕಾಸರಗೋಡಿನಿಂದ ಜತ್ತದವರೆಗೆ ಓಡಾಡಿರುತ್ತೆ. ಹಾಕಿದವರು ಇದನ್ನ ಕನ್ನಡದ ಸೇವೆ ಅಂದುಕೊಂಡಿರ್ತಾರೆ. ನಾವು ನೇರವಾಗಿ ಹೇಳ್ತೀವಿ: ಇದು ಸೇವೆ ಅಲ್ಲ, ಮೋಸಗಾರನಿಗೆ ಬಿಟ್ಟಿ ಏಜೆಂಟ್ ಕೆಲಸ.

ನಮ್ಮಲ್ಲಿ ಇದು ಯಾಕೆ ನಡೆಯುತ್ತೆ? ಕೆಲಸದ ನಿಜವಾದ ಪ್ರಕಟಣೆ ನಮಗೆ ಬರೋದು ಇಂಗ್ಲಿಷಿನಲ್ಲಿ, ಇಲ್ಲವೇ ಮಲಯಾಳ, ಮರಾಠಿ, ತಮಿಳು, ತೆಲುಗಿನಲ್ಲಿ. ಹಾಗಾಗಿ ಅಪರೂಪಕ್ಕೆ ಯಾರಾದರೂ ನಮ್ಮ ಹೆಸರು ಹಿಡಿದು ಅಚ್ಚ ಕನ್ನಡದಲ್ಲಿ ಕರೆದರೆ ಮನಸ್ಸು ಕರಗುತ್ತೆ. ಆ ಮೆಸೇಜು ಬರೆದವನಿಗೆ ಇದು ಚೆನ್ನಾಗಿ ಗೊತ್ತು. ಕನ್ನಡದಲ್ಲಿ ನಾಲ್ಕು ಸಾಲು ಬರೆಯೋಕೆ ಅವನಿಗೆ ಖರ್ಚೇನೂ ಇಲ್ಲ. ಖರ್ಚೆಲ್ಲ ನಮ್ಮದು.

ಲೆಕ್ಕ ಹಾಕಿ ನೋಡೋಣ. ಅಕ್ಕಲಕೋಟೆ ಕಡೆಯ ಬಿ.ಕಾಂ. ಕೊನೆ ವರ್ಷದ ಒಬ್ಬ ಹುಡುಗಿ ಅಂತ ಇಟ್ಕೊಳ್ಳಿ. 499 ಕಟ್ಟಿದ ಒಂದೇ ಗಂಟೆಯಲ್ಲಿ ಆಫರ್ ಲೆಟರ್ ಬರುತ್ತೆ. ಸೀಲು, ಸಹಿ, ಲೋಗೋ ಎಲ್ಲ ಇರುತ್ತೆ. ಸಂದರ್ಶನ ಆಗಿಲ್ಲ, ಅವಳಿಗೆ ಏನು ಬರುತ್ತೆ ಅಂತ ಯಾರೂ ಕೇಳಿಲ್ಲ. ಮರುದಿನ ಲ್ಯಾಪ್‌ಟಾಪ್ ಕಳಿಸೋಕೆ 2,500 ಡೆಪಾಸಿಟ್ ಕೇಳ್ತಾರೆ, ಮೊದಲ ತಿಂಗಳ ಸ್ಟೈಪೆಂಡ್ ಜೊತೆ ವಾಪಸ್ ಅಂತಾರೆ. ಇದನ್ನೂ ಕಟ್ಟಿದರೆ ದಾಖಲೆಗಳ ಸರದಿ: ಆಧಾರ್ ಎರಡೂ ಬದಿ, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಆಧಾರ್ ಕೈಯಲ್ಲಿ ಹಿಡಿದ ಸೆಲ್ಫಿ. ಕೊನೆಗೆ “ವೆರಿಫಿಕೇಶನ್‌ಗೆ ಒಂದು ಓಟಿಪಿ ಬರುತ್ತೆ, ಹೇಳಿ”.

ಅವಳು ಮೊದಲ ಹೆಜ್ಜೆಯಲ್ಲೇ ನಿಲ್ಲಬಹುದಿತ್ತು. ಯುಪಿಐನಲ್ಲಿ ಪಿನ್ ಒತ್ತುವ ಮುನ್ನ ಹಣ ಯಾರ ಖಾತೆಗೆ ಹೋಗುತ್ತೆ ಅಂತ ಹೆಸರು ಕಾಣುತ್ತೆ. ಮೆಸೇಜಿನಲ್ಲಿ ‘ಪ್ರೈವೇಟ್ ಲಿಮಿಟೆಡ್’, ಪರದೆ ಮೇಲೆ ಮಾತ್ರ ಯಾರದೋ ವ್ಯಕ್ತಿಯ ಹೆಸರು. ಇಷ್ಟು ಕಂಡರೆ ಸಾಕು, ಅಲ್ಲಿಗೇ ಬಿಡಿ. “ಅದು ನಮ್ಮ ಅಕೌಂಟೆಂಟ್ ಖಾತೆ” ಅನ್ನೋ ಉತ್ತರವನ್ನ ನಂಬಬೇಡಿ. ಬಿ.ಕಾಂ. ಓದಿದ ಯಾರನ್ನಾದರೂ ಕೇಳಿ, ಕಂಪನಿಗೆ ಬರಬೇಕಾದ ದುಡ್ಡು ಅಕೌಂಟೆಂಟನ ಸ್ವಂತ ಖಾತೆಗೆ ಹೋಗಲ್ಲ.

ಇನ್ನು ಕೆಲವರು ಹೇಳ್ತಾರೆ: “499 ತಾನೆ, ಹೋದ್ರೆ ಹೋಯ್ತು.” ಈ ಮಾತಿನ ಮೇಲೆ ನಮಗೆ ನಿಜವಾಗಲೂ ಸಿಟ್ಟಿದೆ. ಹೋಗೋದು 499 ಅಲ್ಲ. ಬ್ಯಾಂಕಿನ ಕೌಂಟರಿನ ಈಚೆ ಕೂತವರಿಗೆ ಮುಂದಿನ ಕಥೆ ಕಾಣುತ್ತೆ. ಮೋಸಗಾರನಿಗೆ ನಿಮ್ಮ ದುಡ್ಡಿಗಿಂತ ನಿಮ್ಮ ಹೆಸರಿನ ಖಾತೆ ಬೇಕು. ಬೇರೆ ಎಲ್ಲೋ ಕದ್ದ ಹಣವನ್ನ ಅದರಲ್ಲಿ ಹಾಯಿಸಬೇಕು. ಕೆಲವರು ಇದನ್ನೇ ‘ಅಕೌಂಟ್ಸ್ ಟ್ರೈನಿಂಗ್’ ಅಂತ ಕರೀತಾರೆ: “ಕಂಪನಿ ಹಣ ನಿಮ್ಮ ಖಾತೆಗೆ ಬರುತ್ತೆ, ಕಮಿಷನ್ ಇಟ್ಕೊಂಡು ಉಳಿದದ್ದನ್ನ ಈ ನಂಬರಿಗೆ ಕಳಿಸಿ.” ಹಣ ಕಳೆದುಕೊಂಡವನು ಯಾವುದೋ ರಾಜ್ಯದಲ್ಲಿ ದೂರು ಕೊಟ್ಟಾಗ, ಅದು ಹೋದ ದಾರಿ ಹಿಡಿದು ಪೊಲೀಸರ ಪತ್ರ ಬ್ಯಾಂಕಿಗೆ ಬರುತ್ತೆ. ಖಾತೆ ಫ್ರೀಜ್ ಆಗುತ್ತೆ. ಹುಡುಗಿ ಅಪ್ಪನ ಖಾತೆ ಕೊಟ್ಟಿದ್ದರೆ ಅಪ್ಪನ ಬೆಳೆ ದುಡ್ಡೂ ಅದರಲ್ಲೇ ಸಿಕ್ಕಿಕೊಳ್ಳುತ್ತೆ. ಬಿಡಿಸೋಕೆ ಗುರುತಿಲ್ಲದ ಊರಿನ, ಗೊತ್ತಿಲ್ಲದ ಭಾಷೆಯ ಠಾಣೆಗೆ ಉತ್ತರ ಕೊಡಬೇಕು. ಅಷ್ಟರಲ್ಲಿ ಗುಂಪಿನಲ್ಲಿ ಮೆಸೇಜು ಹಾಕಿದ ಪುಣ್ಯಾತ್ಮ ಅದನ್ನ ಮರೆತೇ ಬಿಟ್ಟಿರ್ತಾನೆ.

ಹಾಗಂತ ದಾಖಲೆ ಕೇಳಿದವರೆಲ್ಲ ಕಳ್ಳರಲ್ಲ. ನಿಜವಾದ ಕಂಪನಿಗೂ ಸ್ಟೈಪೆಂಡ್ ಹಾಕೋಕೆ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಬೇಕು. ಆದರೆ ಕೇಳೋದು ಸಂದರ್ಶನ, ಆಯ್ಕೆ ಎಲ್ಲ ಆದಮೇಲೆ, ಕಂಪನಿಯ ಸ್ವಂತ ವೆಬ್‌ಸೈಟ್ ಅಥವಾ ಅದೇ ಹೆಸರಿನ ಇಮೇಲ್‌ನಿಂದ. ಆಗಲೂ ಗುರುತಿಗೆ ಸಾಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ. ಓಟಿಪಿ, ಎಟಿಎಂ ಕಾರ್ಡು, ಪಿನ್, ನಿಮ್ಮ ಹೆಸರಿನ ಸಿಮ್ – ಇವು ಯಾವ ಇಂಟರ್ನ್‌ಶಿಪ್ಪಿಗೂ, ಯಾವ ಹಂತದಲ್ಲೂ ಬೇಕಾಗಲ್ಲ.

ಶುಲ್ಕ ಕೇಳಿದ್ದೆಲ್ಲ ಮೋಸ ಅನ್ನೋದೂ ತಪ್ಪು. ಸ್ಟೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಅಪ್ರೆಂಟಿಸ್ ಕರೆದಾಗ ಅರ್ಜಿ ಶುಲ್ಕ ಇದ್ದದ್ದುಂಟು. ವ್ಯತ್ಯಾಸ ನೋಡಿ. ಅಲ್ಲಿ ಶುಲ್ಕ ಅರ್ಜಿಗೆ, ಸೀಟಿಗಲ್ಲ. ಎಷ್ಟು, ಯಾರಿಗೆ ರಿಯಾಯಿತಿ ಅಂತ ಬ್ಯಾಂಕಿನ ಸ್ವಂತ ವೆಬ್‌ಸೈಟಿನ ಪ್ರಕಟಣೆಯಲ್ಲೇ ಅಚ್ಚಾಗಿರುತ್ತೆ. ಕಟ್ಟಿದ ಮೇಲೂ ಆಯ್ಕೆ ಖಾತ್ರಿ ಇಲ್ಲ. ಮೋಸಗಾರನದು ಉಲ್ಟಾ: ಮೊದಲು ಆಯ್ಕೆ, ಆಮೇಲೆ ಶುಲ್ಕ, ಮತ್ತೆ ಡೆಪಾಸಿಟ್. ನಿಜವಾದ ಪ್ರಕಟಣೆಯಲ್ಲಿ ನಮಗೆ ಇಷ್ಟವಾಗದ ಷರತ್ತೂ ಇರುತ್ತೆ. ಯಾವ ರಾಜ್ಯಕ್ಕೆ ಅರ್ಜಿ ಹಾಕ್ತೀರೋ ಅಲ್ಲಿನ ಭಾಷೆ ಬರಬೇಕು. 10 ಅಥವಾ 12ನೇ ತರಗತಿಯಲ್ಲಿ ಓದಿದ ದಾಖಲೆ ಇಲ್ಲದಿದ್ದರೆ ಭಾಷಾ ಪರೀಕ್ಷೆ. ಈ ಷರತ್ತು ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಎಷ್ಟು ಭಾರ ಅಂತ ಗೊತ್ತು, ಅದರ ಜಗಳ ಬೇರೆ. ಆದರೆ ಯಾವ ಷರತ್ತೂ ಇಲ್ಲದೆ, ‘ಕನ್ನಡ ಬಂದರೆ ಸಾಕು’ ಅಂತ ಕರೆಯುವ ಮೆಸೇಜನ್ನ ಎರಡು ಸಲ ನೋಡಿ.

ಇನ್ನೊಂದು ಹೆಸರು ಇವರು ತುಂಬಾ ಬಳಸ್ತಾರೆ: ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರದ ಯೋಜನೆ ಅದು. ಅರ್ಜಿ ಹಾಕೋದು pminternship.mca.gov.in ನಲ್ಲಿ ಮಾತ್ರ, ಅಭ್ಯರ್ಥಿ ಒಂದು ರೂಪಾಯಿಯೂ ಕಟ್ಟುವ ಹಾಗಿಲ್ಲ. ಅದರ ಹೆಸರಲ್ಲಿ 499 ಕೇಳಿದರೆ ಇನ್ನೇನು ಯೋಚನೆ ಮಾಡೋದು ಬೇಡ.

ಈಗಾಗಲೇ ಕಟ್ಟಿದ್ದರೆ ನಾಚಿಕೆ ಪಟ್ಟು ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ಹಾಕಿ. ಯಾವ ರಾಜ್ಯದಲ್ಲಿದ್ದರೂ ನಡೆಯುತ್ತೆ. ಬೇಗ ಹೇಳಿದಷ್ಟೂ ಹಣ ದಾಟಿಹೋಗುವ ಮುನ್ನ ತಡೆಯುವ ಸಾಧ್ಯತೆ ಹೆಚ್ಚು. ಯುಟಿಆರ್ ಸಂಖ್ಯೆ ಬರೆದಿಟ್ಕೊಳ್ಳಿ, ಚಾಟ್ ಅಳಿಸಬೇಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಆಧಾರ್ ಕಳಿಸಿದ್ದರೆ ಬಯೋಮೆಟ್ರಿಕ್ ಲಾಕ್ ಮಾಡಿ, sancharsaathi.gov.in ನಲ್ಲಿ ನಿಮ್ಮ ಹೆಸರಿಗೆ ಎಷ್ಟು ಸಿಮ್ ಇದೆ ಅಂತ ನೋಡಿ. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ವರದಿ ಮಾಡಬಹುದು.

ಕೊನೆಗೆ ಗುಂಪಿನ ಅಡ್ಮಿನ್‌ಗಳಿಗೆ ಒಂದು ಮಾತು. ಕಂಪನಿಯ ಸ್ವಂತ ವೆಬ್‌ಸೈಟಿನ ಲಿಂಕ್ ಇಲ್ಲದ, ಆಯ್ಕೆಗೆ ದುಡ್ಡು ಕೇಳುವ ಯಾವ ಮೆಸೇಜೂ ಗುಂಪಿನಲ್ಲಿ ಉಳಿಯಬಾರದು. ಹಾಕಿದವರು ಎಷ್ಟೇ ದೊಡ್ಡ ಹೋರಾಟಗಾರರಾಗಿರಲಿ, ಅಳಿಸಿ. ನಮ್ಮ ಮಕ್ಕಳ ಕನ್ನಡದ ಹಸಿವನ್ನ 499ಕ್ಕೆ ಮಾರೋಕೆ ಗುಂಪು ಕಟ್ಟಿದ್ದಲ್ಲ.